ಪಿಎಸ್5 ಒಳಗಿನ ಎಸ್‌ಎಸ್‌ಡಿಗೆ ಹೀಟ್‌ಸಿಂಕ್: ಮೇಲೆ ಎಷ್ಟು, ಕೆಳಗೆ ಎಷ್ಟು?

ಪ್ಲೇಸ್ಟೇಷನ್ 5ರಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿಕೊಳ್ಳುವ ಅವಕಾಶ ಎಲ್ಲರಿಗೂ ಸಿಕ್ಕಿದ್ದು 2021ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ. ಆಗಿನಿಂದಲೂ ಸೋನಿ ಒಂದು ಷರತ್ತು ಇಟ್ಟಿದೆ. ಎಸ್‌ಎಸ್‌ಡಿಯನ್ನು ಬರಿದಾಗಿ ಹಾಕುವಂತಿಲ್ಲ, ಶಾಖ ಹೊರಹಾಕಲು ಹೀಟ್‌ಸಿಂಕ್‌ನಂಥದ್ದು ಇರಲೇಬೇಕು. ಆದರೆ ಅದು ಕೂರುವ ಜಾಗ ತೀರಾ ಇಕ್ಕಟ್ಟು. ಎಸ್‌ಎಸ್‌ಡಿ ಮತ್ತು ಹೀಟ್‌ಸಿಂಕ್ ಎರಡೂ ಸೇರಿ ಉದ್ದ 110 ಮಿ.ಮೀ., ಅಗಲ 25 ಮಿ.ಮೀ., ಎತ್ತರ 11.25 ಮಿ.ಮೀ. ಒಳಗೇ ಇರಬೇಕು.

ಹೆಚ್ಚಿನವರು ಈ 11.25 ಒಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಾನೂ ಮೊದಲ ಸಲ ಅಷ್ಟೇ ನೋಡಿ ಹೀಟ್‌ಸಿಂಕ್ ತಂದಿದ್ದೆ, ಅದು ಕೂರಲಿಲ್ಲ. ಯಾಕೆ ಅಂತ ಅಳೆದು ನೋಡಿದಾಗಲೇ ನಿಜವಾದ ಲೆಕ್ಕ ಅರ್ಥವಾಗಿದ್ದು.

11.25 ಅನ್ನುವುದು ಮೂರು ಅಂಕಿಗಳ ಮೊತ್ತ. ಎಸ್‌ಎಸ್‌ಡಿಯ ಹಸಿರು ಅಥವಾ ಕಪ್ಪು ಬೋರ್ಡ್ ಇದೆಯಲ್ಲ, ಅದರ ದಪ್ಪ 0.8 ಮಿ.ಮೀ. ಆ ಬೋರ್ಡಿನ ಮೇಲ್ಭಾಗಕ್ಕೆ ಸಿಗುವ ಜಾಗ 8.0 ಮಿ.ಮೀ. ಕೆಳಭಾಗಕ್ಕೆ ಸಿಗುವುದು ಬರೀ 2.45 ಮಿ.ಮೀ. ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ 11.25 ಬರುತ್ತದೆ. ಮೇಲೆ ಜಾಗ ಉಳಿದಿದೆ ಅಂತ ಅದನ್ನು ಕೆಳಗೆ ಬಳಸಿಕೊಳ್ಳಲು ಆಗುವುದಿಲ್ಲ. ಬೋರ್ಡ್ ಯಾವ ಮಟ್ಟದಲ್ಲಿ ಕೂರಬೇಕು ಅನ್ನುವುದನ್ನು ಒಂದು ತುದಿಯಲ್ಲಿ ಕನೆಕ್ಟರ್, ಇನ್ನೊಂದು ತುದಿಯಲ್ಲಿ ಸ್ಕ್ರೂ ಕೆಳಗಿನ ಸ್ಪೇಸರ್ ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ.

ಈಗ ಒಂದು ಉದಾಹರಣೆ ಬಿಡಿಸೋಣ. 2280 ಅಳತೆಯ ಎಸ್‌ಎಸ್‌ಡಿ, ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎರಡೂ ಕಡೆ ಚಿಪ್ ಇರುವಂಥದ್ದು. ಚಿಪ್‌ಗಳ ಎತ್ತರ ಎರಡೂ ಕಡೆ 1.5 ಮಿ.ಮೀ. ಅಂದುಕೊಳ್ಳಿ. ಹೀಟ್‌ಸಿಂಕ್ ಎರಡು ಭಾಗದ್ದು: ಮೇಲೆ 4.5 ಮಿ.ಮೀ. ಎತ್ತರದ ಅಲ್ಯೂಮಿನಿಯಂ ರೆಕ್ಕೆಗಳು, ಕೆಳಗೆ 1 ಮಿ.ಮೀ. ದಪ್ಪದ ತಟ್ಟೆ. ಥರ್ಮಲ್ ಪ್ಯಾಡ್ ಒತ್ತಿದ ಮೇಲೆ ಎರಡೂ ಕಡೆ 0.5 ಮಿ.ಮೀ. ಉಳಿಯುತ್ತದೆ.

ಮೇಲೆ 1.5, 0.5, 4.5 ಸೇರಿ 6.5 ಮಿ.ಮೀ. ಎಂಟರ ಒಳಗೇ ಇದೆ. ಕೆಳಗೆ 1.5, 0.5, 1.0 ಸೇರಿ 3.0 ಮಿ.ಮೀ. ಇಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಆಯಿತು. ಬೋರ್ಡಿನ 0.8 ಕೂಡಿಸಿದರೂ ಒಟ್ಟು ಎತ್ತರ 10.3 ಮಾತ್ರ. ಡಬ್ಬಿ ಮೇಲಿನ ಅಂಕಿ ನೋಡಿದರೆ ಆರಾಮಾಗಿ ಕೂರಬೇಕು, ಆದರೆ ಕೂರುವುದಿಲ್ಲ. ಇದೇ ಹೀಟ್‌ಸಿಂಕನ್ನು ಮೇಲೆ ಮಾತ್ರ ಚಿಪ್ ಇರುವ ಎಸ್‌ಎಸ್‌ಡಿಗೆ ಹಾಕಿ. ಕೆಳಗೆ ಚಿಪ್ಪೇ ಇಲ್ಲ. 1 ಮಿ.ಮೀ. ಪ್ಯಾಡ್ ಹಾಕಿದರೂ ತಟ್ಟೆ ಸೇರಿ 2.0 ಮಿ.ಮೀ. ಅಷ್ಟೇ, ಸಲೀಸಾಗಿ ಕೂರುತ್ತದೆ. ಹಾಗಾಗಿ ಹೀಟ್‌ಸಿಂಕ್ ಆರಿಸುವ ಮೊದಲು ನಿಮ್ಮ ಎಸ್‌ಎಸ್‌ಡಿಯನ್ನು ತಿರುಗಿಸಿ ಹಿಂದೆ ಚಿಪ್ ಇದೆಯಾ ನೋಡಿ. ದೊಡ್ಡ ಸಾಮರ್ಥ್ಯದವುಗಳಲ್ಲಿ ಇರುವ ಸಾಧ್ಯತೆ ಜಾಸ್ತಿ.

ಎರಡೂ ಕಡೆ ಚಿಪ್ ಇದ್ದರೆ ನನ್ನ ಸಲಹೆ, ಕೆಳಗಿನ ತಟ್ಟೆಯ ಆಸೆ ಬಿಟ್ಟುಬಿಡಿ. ಜಾಸ್ತಿ ಬಿಸಿಯಾಗುವುದು ಎಸ್‌ಎಸ್‌ಡಿಯನ್ನು ನಡೆಸುವ ಕಂಟ್ರೋಲರ್ ಚಿಪ್, ಅದು ಸಾಮಾನ್ಯವಾಗಿ ಮೇಲ್ಭಾಗದಲ್ಲೇ ಇರುತ್ತದೆ. ಮೇಲೆ ಮಾತ್ರ ಕೂರುವ, ಅಂಟುವ ಪ್ಯಾಡ್ ಇರುವ ಹೀಟ್‌ಸಿಂಕ್ ಸಾಕು. ಕೆಲವು ಹೀಟ್‌ಸಿಂಕ್‌ಗಳನ್ನು ಸಿಲಿಕೋನ್ ರಬ್ಬರ್ ಪಟ್ಟಿಯಿಂದ ಬಿಗಿಯುತ್ತಾರೆ. ಆ ಪಟ್ಟಿ ಬೋರ್ಡಿನ ಕೆಳಗೆ ಹಾದುಹೋಗುತ್ತದೆ ಅನ್ನುವುದು ನೆನಪಿರಲಿ. 1 ಮಿ.ಮೀ. ದಪ್ಪದ ಪಟ್ಟಿ 1.5 ಮಿ.ಮೀ. ಚಿಪ್ ಮೇಲೆ ಕೂತರೆ 2.5 ಆಗಿ ಮಿತಿ ದಾಟುತ್ತದೆ. ಅದನ್ನೇ ಎರಡು ಚಿಪ್‌ಗಳ ನಡುವಿನ ಸಂದಿಗೆ ಸರಿಸಿದರೆ ಏನೂ ತೊಂದರೆ ಇಲ್ಲ.

ಅಳತೆ ತೆಗೆಯಲು ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಒಟ್ಟು ದಪ್ಪ ಅಳೆದರೆ ಸಾಲದು. ಕ್ಯಾಲಿಪರ್ ಹಿಂಬದಿಯಿಂದ ಒಂದು ಸಣ್ಣ ಕಡ್ಡಿ ಹೊರಬರುತ್ತದಲ್ಲ, ಆಳ ಅಳೆಯಲು, ಅದನ್ನು ಬಳಸಿ. ಸ್ಕ್ರೂ ಕೂರುವ ಅರ್ಧಚಂದ್ರದ ಪಕ್ಕ ಬೋರ್ಡ್ ಬರಿದಾಗಿ ಕಾಣುತ್ತದೆ. ಕ್ಯಾಲಿಪರ್ ಬುಡವನ್ನು ಹೀಟ್‌ಸಿಂಕಿನ ನೆತ್ತಿಯ ಮೇಲಿಟ್ಟು, ಕಡ್ಡಿಯನ್ನು ಆ ಬೋರ್ಡಿಗೆ ಮೆಲ್ಲಗೆ ತಾಗಿಸಿ. ಬಂದ ಅಂಕಿಯೇ ಮೇಲಿನ ಎತ್ತರ. ತಿರುಗಿಸಿ ಕೆಳಗಿನದನ್ನೂ ಹಾಗೇ ತೆಗೆದುಕೊಳ್ಳಿ. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಾತ್ರ ಕಡ್ಡಿ ಇಡಬೇಡಿ, ಗೀರು ಬೀಳುತ್ತದೆ.

ಅಗಲದ ಲೆಕ್ಕ ಸಣ್ಣದು. 22 ಮಿ.ಮೀ. ಬೋರ್ಡಿನ ಎರಡೂ ಪಕ್ಕ 1.5 ಮಿ.ಮೀ. ಗೋಡೆ ಬಂದರೆ ಆಗಲೇ 25 ಆಯಿತು. ಪಕ್ಕದಲ್ಲಿ ಸ್ಕ್ರೂ ತಲೆ ಹೊರಗೆ ಚಾಚಿಕೊಂಡಿರುವ ಹೀಟ್‌ಸಿಂಕ್ ಬೇಡ. ಉದ್ದದಲ್ಲೂ ಒಂದು ಮಾತು: ಹೀಟ್‌ಸಿಂಕ್ ಚಿನ್ನದ ಪಟ್ಟಿಗಳ ಹತ್ತಿರಕ್ಕೆ ಬಂದರೆ ಕನೆಕ್ಟರಿಗೆ ಡಿಕ್ಕಿ ಹೊಡೆದು ಎಸ್‌ಎಸ್‌ಡಿ ಪೂರ್ತಿ ಒಳಗೆ ಹೋಗುವುದಿಲ್ಲ. ಇನ್ನೊಂದು ತುದಿಯಲ್ಲಿ ಅರ್ಧಚಂದ್ರವನ್ನು ಮುಚ್ಚಿದರೆ ಸ್ಕ್ರೂ ಹಾಕಲು ಜಾಗ ಇರುವುದಿಲ್ಲ.

ಎತ್ತರ ಹೊಂದಿದರೂ ಶಾಖ ದಾಟದೇ ಇರಬಹುದು. ಕಂಟ್ರೋಲರ್ ಚಿಪ್ ಪಕ್ಕದ ಮೆಮೊರಿ ಚಿಪ್‌ಗಿಂತ ಗಿಡ್ಡ ಇರುವುದುಂಟು. ತೆಳುವಾದ, ಗಟ್ಟಿ ಪ್ಯಾಡ್ ಹಾಕಿದರೆ ಅದು ಮೆಮೊರಿ ಚಿಪ್ ಮೇಲೆ ನಿಂತುಬಿಡುತ್ತದೆ, ಕಂಟ್ರೋಲರಿಗೆ ತಾಗುವುದೇ ಇಲ್ಲ. ಹೀಟ್‌ಸಿಂಕನ್ನು ಒಮ್ಮೆ ಜೋಡಿಸಿ, ಬಿಚ್ಚಿ, ಪ್ಯಾಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪ್ರತಿ ಚಿಪ್ಪಿನ ಚೌಕಾಕಾರದ ಅಚ್ಚು ಮೂಡಿರಬೇಕು. ಕಂಟ್ರೋಲರ್ ಜಾಗ ನುಣ್ಣಗೆ ಉಳಿದಿದ್ದರೆ ಮೆತ್ತಗಿನ, ಸ್ವಲ್ಪ ದಪ್ಪದ ಪ್ಯಾಡ್ ಬೇಕು. ಆಗ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಅಂತಲೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಕೂರಿಸುವಾಗ ಕನ್ಸೋಲ್ ಆಫ್ ಮಾಡಿ, ಎಲ್ಲ ಕೇಬಲ್ ಬಿಚ್ಚಿ, ಬಿಸಿ ಆರಲು ಬಿಡಿ. ಸ್ಲಾಟ್ ಮುಚ್ಚಳ ತೆಗೆದು, ಸ್ಪೇಸರನ್ನು 80ರ ಗುರುತಿನ ಜಾಗಕ್ಕೆ ತನ್ನಿ. ಎಸ್‌ಎಸ್‌ಡಿಯನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ. ಕೈಬಿಟ್ಟರೆ ಅದರ ತುದಿ ಮೇಲೆದ್ದು ನಿಲ್ಲುತ್ತದೆ, ಅದು ಸಹಜ. ಈಗ ಒಂದು ಬೆರಳಿನಿಂದ ಅದನ್ನು ಹಗುರವಾಗಿ ಒತ್ತಿ. ಬೋರ್ಡ್ ಬಂದು ಸ್ಪೇಸರಿಗೆ ತಾಗಿದರೆ ಕೆಳಗೆ ಜಾಗ ಇದೆ ಅಂತ ಅರ್ಥ. ತಾಗುವ ಮೊದಲೇ ಗಟ್ಟಿಯಾಗಿ ನಿಂತು, ಸ್ಪೇಸರ್ ಮೇಲೆ ಕೂದಲೆಳೆ ಸಂದಿಯಲ್ಲಿ ಬೆಳಕು ಕಂಡರೆ ಅಲ್ಲೇ ನಿಲ್ಲಿಸಿ. ಸ್ಕ್ರೂ ತಿರುಗಿಸಿ ಎಳೆದರೆ ಅದು ಕೂರುತ್ತದೆ ನಿಜ. ಆದರೆ ಬೋರ್ಡ್ ಬಿಲ್ಲಿನಂತೆ ಬಾಗಿರುತ್ತದೆ. ಬಿಸಿಯಾಗಿ ತಣ್ಣಗಾಗಿ ಚಿಪ್ಪಿನ ಬೆಸುಗೆ ಬಿರುಕು ಬಿಡಬಹುದು.

ಕೊನೆಗೆ ಮುಚ್ಚಳವನ್ನು ಸ್ಕ್ರೂ ಇಲ್ಲದೆ ಸುಮ್ನೆ ಇಟ್ಟು ನೋಡಿ. ನಾಲ್ಕೂ ಮೂಲೆ ಕೂತು, ಬೆರಳಿಟ್ಟರೆ ಅಲುಗಾಡದಿದ್ದರೆ ಮೇಲಿನ 8 ಮಿ.ಮೀ. ದಾಟಿಲ್ಲ. ಮುಚ್ಚಳ ಕೂರುತ್ತಿಲ್ಲ ಅಂತ ಅದನ್ನು ತೆಗೆದಿಟ್ಟು ಆಡುವವರೂ ಇದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಅಳತೆಗೆ ಹೊಂದುವ ಹೀಟ್‌ಸಿಂಕ್ ಹಾಕಿ, ಮುಚ್ಚಳ ಮತ್ತೆ ಬಿಗಿದು, ಆಮೇಲೆ ಕರೆಂಟ್ ಕೊಡಿ. ಎಸ್‌ಎಸ್‌ಡಿ ಸರಿಯಾಗಿ ಕೂತಿದ್ದರೆ ಕನ್ಸೋಲ್ ತಾನಾಗಿಯೇ ಫಾರ್ಮ್ಯಾಟ್ ಮಾಡಲು ಕೇಳುತ್ತದೆ, ಆಮೇಲೆ ಓದುವ ವೇಗವನ್ನೂ ತೋರಿಸುತ್ತದೆ. ಆ ವೇಗದ ಪರೀಕ್ಷೆ ಬೇಗ ಮುಗಿದುಬಿಡುತ್ತದೆ, ಎಸ್‌ಎಸ್‌ಡಿ ಪೂರ್ತಿ ಬಿಸಿಯಾಗುವಷ್ಟು ಹೊತ್ತು ನಡೆಯುವುದಿಲ್ಲ. ಹಾಗಾಗಿ ಹೀಟ್‌ಸಿಂಕ್ ಕೆಲಸ ಮಾಡುತ್ತಿದೆಯಾ ಅನ್ನುವುದಕ್ಕೆ ನಾನು ಆ ಅಂಕಿಗಿಂತ ಪ್ಯಾಡ್ ಮೇಲಿನ ಅಚ್ಚನ್ನೇ ಹೆಚ್ಚು ನಂಬುತ್ತೇನೆ.