ಚೀಸ್ ಬಿಟ್ಟರೆ ಸಾಲದು, ಮಾತ್ರೆಯ ಲೆಕ್ಕ ಹೇಳಿ

ಅಯಾಹುವಾಸ್ಕಾ ಎಂಬ ಭ್ರಮೆ ತರಿಸುವ ಕಷಾಯ ಕುಡಿಯಲು ಹೊರಟವರು ನನ್ನ ಹತ್ತಿರ ಬಂದಾಗ ಮೊದಲು ಊಟದ ಪಟ್ಟಿ ತೋರಿಸುತ್ತಾರೆ. ಹಳೆಯ ಚೀಸ್ ಬಿಟ್ಟಿದ್ದೇನೆ, ಒಣಗಿಸಿದ ಮಾಂಸ ಬಿಟ್ಟಿದ್ದೇನೆ, ಸೋಯಾ ಸಾಸ್ ಬಿಟ್ಟಿದ್ದೇನೆ, ಬಿಯರ್ ಮುಟ್ಟಿಲ್ಲ ಎನ್ನುತ್ತಾರೆ. ಎರಡು ವಾರದಿಂದ ಎಷ್ಟು ಶ್ರದ್ಧೆಯಿಂದ ಪಾಲಿಸಿದ್ದಾರೆಂದರೆ ಮೆಚ್ಚಲೇಬೇಕು. ಆಮೇಲೆ ಎದ್ದು ಹೊರಡುವಾಗ ಹೇಳುತ್ತಾರೆ: "ಖಿನ್ನತೆಯ ಮಾತ್ರೆಯನ್ನೂ ನಾಲ್ಕು ದಿನದ ಹಿಂದೆ ನಿಲ್ಲಿಸಿದ್ದೇನೆ ಡಾಕ್ಟ್ರೇ." ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ. ಜೀವಕ್ಕೆ ದೊಡ್ಡ ಅಪಾಯ ಇರುವುದು ಆ ಕೊನೆಯ ಮಾತಿನಲ್ಲಿ.

ಈ ಪೇಯಕ್ಕೆ ಸಾಮಾನ್ಯವಾಗಿ ಅಮೆಜಾನ್ ಕಾಡಿನ ಎರಡು ಗಿಡಗಳನ್ನು ಕೂಡಿಸಿ ಕುದಿಸುತ್ತಾರೆ. ಸೈಕೋಟ್ರಿಯಾ ವಿರಿಡಿಸ್ ಎಂಬ ಗಿಡದ ಎಲೆಯಲ್ಲಿ ಡಿಎಂಟಿ ಇದೆ. ದೃಶ್ಯಗಳನ್ನು ಕಾಣಿಸುವುದು ಅದೇ. ಎಲೆಯನ್ನಷ್ಟೇ ಕುದಿಸಿ ಕುಡಿದರೆ ಹೆಚ್ಚೇನೂ ಆಗುವುದಿಲ್ಲ. ಕರುಳಿನಲ್ಲಿ ಮತ್ತು ಲಿವರ್‌ನಲ್ಲಿ ಇರುವ ಎಂಎಒ-ಎ ಎಂಬ ಕಿಣ್ವ ಡಿಎಂಟಿಯನ್ನು ಮೆದುಳು ತಲುಪುವ ಮೊದಲೇ ಒಡೆದುಹಾಕುತ್ತದೆ. ಅದಕ್ಕೇ ಬನಿಸ್ಟೀರಿಯೋಪ್ಸಿಸ್ ಕಾಪಿ ಎಂಬ ಬಳ್ಳಿಯನ್ನು ಸೇರಿಸುತ್ತಾರೆ. ಬಳ್ಳಿಯಲ್ಲಿರುವ ಹರ್ಮೀನ್ ಮತ್ತು ಹರ್ಮಲೀನ್ ಆ ಕಿಣ್ವವನ್ನು ಕೆಲವು ಗಂಟೆ ತಡೆದು ನಿಲ್ಲಿಸುತ್ತವೆ.

ಜನ ಎಲೆಗೆ ಹೆದರುತ್ತಾರೆ, ಬಳ್ಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕಾವಲುಗಾರನನ್ನು ಮಲಗಿಸಿದ ಮೇಲೆ ಬಾಗಿಲು ಒಬ್ಬ ಅತಿಥಿಗೆ ಮಾತ್ರ ತೆರೆದಿರುವುದಿಲ್ಲ. ಎಂಎಒ-ಎ ಒಡೆಯುವುದು ಡಿಎಂಟಿಯನ್ನಷ್ಟೇ ಅಲ್ಲ. ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್, ಊಟದಲ್ಲಿ ಬರುವ ಟೈರಮೀನ್, ಎಲ್ಲವೂ ಅದರ ಪಾಲಿನ ಕೆಲಸವೇ.

ಟೈರಮೀನ್ ವಿಷಯ ಬೇಗ ಮುಗಿಸುತ್ತೇನೆ. ಹಳೆಯದಾಗಿ ಹುದುಗಿದ ಆಹಾರಗಳಲ್ಲಿ ಇದು ಜಾಸ್ತಿ. ಒಡೆಯದೆ ರಕ್ತಕ್ಕೆ ಸೇರಿದರೆ ರಕ್ತದೊತ್ತಡ ಏಕಾಏಕಿ ಏರುತ್ತದೆ, ತಲೆಯ ಹಿಂಭಾಗ ಸಿಡಿಯುವಂತೆ ನೋಯುತ್ತದೆ. 1960ರ ದಶಕದಲ್ಲಿ ಖಿನ್ನತೆಗೆ ಕೊಡುತ್ತಿದ್ದ ಎಂಎಒ ತಡೆಯುವ ಮಾತ್ರೆಗಳ ಜೊತೆ ಚೀಸ್ ತಿಂದವರಲ್ಲಿ ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ವೈದ್ಯರು ಇದನ್ನು ಗುರುತಿಸಿದರು. ಆ ಮಾತ್ರೆಗಳು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತಿದ್ದವು. ದೇಹ ಹೊಸ ಕಿಣ್ವ ತಯಾರಿಸಲು ಸುಮಾರು ಎರಡು ವಾರ ಬೇಕು. ಬಳ್ಳಿಯ ಹರ್ಮೀನ್ ಹಾಗಲ್ಲ. ಅದು ಕಿಣ್ವಕ್ಕೆ ಸಡಿಲವಾಗಿ ಅಂಟಿಕೊಳ್ಳುತ್ತದೆ, ಕೆಲ ಗಂಟೆಯಲ್ಲಿ ಬಿಡುತ್ತದೆ. ಟೈರಮೀನ್ ಜಾಸ್ತಿ ಬಂದರೆ ಅದು ಹರ್ಮೀನ್ ಅನ್ನು ಸ್ವಲ್ಪ ಮಟ್ಟಿಗೆ ಪಕ್ಕಕ್ಕೆ ತಳ್ಳಲೂ ಬಲ್ಲದು. ಅದಕ್ಕೇ ಇಲ್ಲಿ ಚೀಸ್‌ನ ಅಪಾಯ ಆ ಹಳೆಯ ಮಾತ್ರೆಗಳಲ್ಲಿ ಇದ್ದಷ್ಟು ಇಲ್ಲ. ಹಾಗಂತ ಪಥ್ಯ ಬಿಡಿ ಎನ್ನುತ್ತಿಲ್ಲ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರಂತೂ ಬಿಡಲೇಬಾರದು. ಆದರೆ ಪಥ್ಯ ಮಾಡಿದ್ದಕ್ಕೆ ಮಾತ್ರೆಯ ಅಪಾಯ ಕಡಿಮೆಯಾಗುವುದಿಲ್ಲ.

ಈಗ ಮಾತ್ರೆ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ನಲವತ್ತರ ಆಸುಪಾಸಿನ ಮಹಿಳೆ. ವರ್ಷಗಳಿಂದ ಖಿನ್ನತೆಗೆ ದಿನಕ್ಕೆ 20 ಮಿಲಿಗ್ರಾಂ ಫ್ಲೂಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರು. ಪೆರುವಿಗೆ ಹೋದರು. ಕುಡಿಯುವ ನಾಲ್ಕು ದಿನ ಮೊದಲು ಮಾತ್ರೆ ನಿಲ್ಲಿಸಿದರು. ನಾಲ್ಕು ದಿನ ನುಂಗಿಲ್ಲ ಎಂದರೆ ಮೈಯಲ್ಲಿ ಇಲ್ಲ ಎಂದು ಅವರ ಲೆಕ್ಕ.

ಫ್ಲೂಕ್ಸೆಟಿನ್ ದೇಹದಲ್ಲಿ ನಾರ್‌ಫ್ಲೂಕ್ಸೆಟಿನ್ ಆಗಿ ಬದಲಾಗುತ್ತದೆ. ಅದೂ ಔಷಧಿಯೇ, ಅದೇ ಕೆಲಸ ಮಾಡುತ್ತದೆ. ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಒಂದು ವಾರದಿಂದ ಎರಡು ವಾರ ಬೇಕಾಗಬಹುದು. ಹತ್ತು ದಿನ ಎಂದಿಟ್ಟುಕೊಳ್ಳಿ. ನಾಲ್ಕು ದಿನದ ನಂತರವೂ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತದೆ. ಐದು ವಾರ ಕಳೆದರೆ ಹತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಫ್ಲೂಕ್ಸೆಟಿನ್ ನಿಲ್ಲಿಸಿ ಎಂಎಒ ತಡೆಯುವ ಔಷಧಿ ಶುರು ಮಾಡಲು ವೈದ್ಯರು ಕನಿಷ್ಠ ಐದು ವಾರ ಕಾಯುವುದು ಇದಕ್ಕೇ. ಅಂದರೆ ಈ ಮಹಿಳೆ ಹೆಚ್ಚುಕಡಿಮೆ ಮಾತ್ರೆ ನುಂಗುತ್ತಲೇ ಬಳ್ಳಿಯ ಕಷಾಯ ಕುಡಿದಂತಾಯಿತು.

ಮಾತ್ರೆ ಸೆರೊಟೋನಿನ್ ನರಕೋಶದೊಳಗೆ ವಾಪಸ್ ಹೋಗದಂತೆ ತಡೆಯುತ್ತದೆ. ಬಳ್ಳಿ ಅದು ಒಡೆಯದಂತೆ ತಡೆಯುತ್ತದೆ. ಎರಡೂ ದಾರಿ ಒಟ್ಟಿಗೆ ಮುಚ್ಚಿದರೆ ಸೆರೊಟೋನಿನ್ ಏರುತ್ತಲೇ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಹರ್ಮೀನ್ ಅನ್ನು ದೇಹದಿಂದ ಹೊರಹಾಕುವುದರಲ್ಲಿ ಲಿವರ್‌ನ ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವದ ಪಾಲಿದೆ. ಫ್ಲೂಕ್ಸೆಟಿನ್ ಅದನ್ನೇ ತಡೆಯುತ್ತದೆ. ಆಗ ಬಳ್ಳಿಯ ಪರಿಣಾಮ ಬೇರೆಯವರಿಗಿಂತ ಬಲವಾಗಿ, ಹೆಚ್ಚು ಹೊತ್ತು ಇರುವ ಸಾಧ್ಯತೆ ಇದೆ.

ಕುಡಿದ ಎರಡು ಗಂಟೆಯೊಳಗೆ ಅವರಿಗೆ ವಾಂತಿ, ಭೇದಿ, ಬೆವರು, ನಡುಕ ಶುರುವಾಯಿತು. ಸುತ್ತಲಿದ್ದವರು ಗಾಬರಿಯಾಗಲಿಲ್ಲ. ಈ ಪೇಯ ಕುಡಿದವರಿಗೆ ವಾಂತಿಯಾಗುವುದು ಮಾಮೂಲು. ಮೈ ಶುದ್ಧಿಯಾಗುತ್ತಿದೆ ಎಂದು ನಂಬುತ್ತಾರೆ. ಬೆವರು, ಹಿಗ್ಗಿದ ಕಣ್ಣಪಾಪೆ, ಸ್ವಲ್ಪ ನಡುಕ ಕೂಡ ಬರಬಹುದು. ನನಗೆ ತುಂಬಾ ಭಯ ಇರುವುದು ಇಲ್ಲೇ. ಸೆರೊಟೋನಿನ್ ವಿಷವೇರಿಕೆಯ ಮೊದಲ ಲಕ್ಷಣಗಳೂ ಇವೇ.

ವ್ಯತ್ಯಾಸ ಹೆಚ್ಚಾಗಿ ಕಾಲಿನಲ್ಲಿ ಸಿಗುತ್ತದೆ. ಮಲಗಿದವರ ಮೊಣಕಾಲು ಸ್ವಲ್ಪ ಮಡಿಸಿ, ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಪಾದ ತಾನಾಗಿ ತಾಳ ಹಾಕಿದಂತೆ ಮತ್ತೆ ಮತ್ತೆ ಕುಪ್ಪಳಿಸುತ್ತದೆ. ಇದನ್ನು ಕ್ಲೋನಸ್ ಎನ್ನುತ್ತೇವೆ. ಕೈಗಿಂತ ಕಾಲು ಜಾಸ್ತಿ ಬಿಗಿಯಾಗಿರುತ್ತದೆ. ಕಣ್ಣುಗುಡ್ಡೆ ನಿಲ್ಲದೆ ಓಲಾಡಬಹುದು. ಜ್ವರ ಏರುತ್ತಾ ಹೋದರೆ, ಮೈ ಸೆಟೆದರೆ, ಒಂದು ನಿಮಿಷವೂ ಕಾಯುವಂತಿಲ್ಲ. ಆದರೆ ಕಾಲು ಕುಪ್ಪಳಿಸಲಿಲ್ಲ ಎಂದು ಸುಮ್ನೆ ಕೂರಬೇಡಿ. ಮೈ ತೀರಾ ಬಿಗಿದಾಗ ಕ್ಲೋನಸ್ ಕಾಣದೆಯೂ ಇರಬಹುದು.

ಆ ಮಹಿಳೆಯ ಜೊತೆ ಹೋಗಿದ್ದ ಗೆಳತಿ ಕಾಲು ಅದುರುವುದನ್ನು ನೋಡಿ ಹಠ ಹಿಡಿದು ಆಸ್ಪತ್ರೆಗೆ ಸಾಗಿಸಿದರು. ಮೈ ತಂಪು ಮಾಡಿದರು, ಡ್ರಿಪ್ ಹಾಕಿದರು, ಸ್ನಾಯು ಸಡಿಲಾಗಲು ಬೆಂಜೋಡೈಯಜಪೀನ್ ಕೊಟ್ಟರು. ಬದುಕಿದರು. ಆ ಗೆಳತಿಯ ಹಠಕ್ಕೆ ನಾನು ಇವತ್ತೂ ಋಣಿ.

ಹಾಗಾದರೆ ಐದು ವಾರ ಮೊದಲೇ ನಿಲ್ಲಿಸಿಬಿಡುತ್ತೇನೆ ಎನ್ನುವವರೂ ಇದ್ದಾರೆ. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಖಿನ್ನತೆ ಮರಳಿ ಬಂದರೆ ಅದೂ ಜೀವ ತೆಗೆಯಬಲ್ಲದು. ಪ್ಯಾರೊಕ್ಸೆಟಿನ್, ವೆನ್‌ಲಾಫ್ಯಾಕ್ಸಿನ್ ಥರದವನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ ಹಿಂಡಿಹಾಕುತ್ತವೆ. ಮಾತ್ರೆ ಇಲ್ಲದೆ ನಡೆಯದು ಎನ್ನುವವರಿಗೆ ನಾನು ಹೇಳುವುದು ಒಂದೇ, ಈ ಪೇಯ ನಿಮಗಲ್ಲ.

ಖಿನ್ನತೆಯ ಮಾತ್ರೆ ಇಲ್ಲದವರೂ ತಮ್ಮ ಔಷಧಿ ಚೀಲ ಬಿಚ್ಚಿ ನೋಡಬೇಕು. ಕೆಮ್ಮಿನ ಸಿರಪ್‌ನಲ್ಲಿ ಬರುವ ಡೆಕ್ಸ್ಟ್ರೊಮೆಥಾರ್ಫನ್, ನೋವಿನ ಟ್ರಮಡಾಲ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, ಇವೆಲ್ಲ ಸೆರೊಟೋನಿನ್ ದಾರಿಯಲ್ಲೇ ಬರುತ್ತವೆ. ಕಟ್ಟಿದ ಮೂಗಿಗೆ ಕೊಡುವ ಸ್ಯೂಡೋಎಫೆಡ್ರಿನ್ ರಕ್ತದೊತ್ತಡ ಏರಿಸುತ್ತದೆ. ಕಾಡಿನ ಬಳ್ಳಿಯ ಬದಲು ಸಿರಿಯನ್ ರೂ ಬೀಜ ಕುದಿಸುವವರಿಗೂ ಇದೇ ಮಾತು. ಅದರಲ್ಲೂ ಹರ್ಮಲೀನ್ ಇದೆ. ಒಂದು ಲೋಟದಲ್ಲಿ ಎಷ್ಟಿದೆ ಎಂದು ಕುದಿಸಿದವರಿಗೂ ಗೊತ್ತಿರುವುದಿಲ್ಲ.

ಆಸ್ಪತ್ರೆಗೆ ಹೋಗುವ ಪರಿಸ್ಥಿತಿ ಬಂದರೆ ಏನು ಕುಡಿದಿರಿ, ಯಾವ ಮಾತ್ರೆ, ಕೊನೆಯದು ಯಾವತ್ತು ಎಂಬುದನ್ನು ನಾಚಿಕೆ ಬಿಟ್ಟು ಹೇಳಿ. ಹೇಳದಿದ್ದರೆ ಹೊಟ್ಟೆನೋವೆಂದು ಅಲ್ಲಿನ ವೈದ್ಯರು ಟ್ರಮಡಾಲ್ ಅಥವಾ ಪೆಥಿಡಿನ್ ಚುಚ್ಚಿಬಿಡಬಹುದು. ನಿಮಗೆ ಪ್ರಜ್ಞೆ ಇಲ್ಲದಿದ್ದರೆ ಹೇಳುವವರು ಬೇಕು. ಜೊತೆಗಿರುವವರ ಕೈಗೆ ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಕೊನೆಯ ದಿನಾಂಕ ಬರೆದ ಚೀಟಿ ಮೊದಲೇ ಕೊಟ್ಟಿರಿ.