‘ಅಂದ ಹಾಗೆ’ ಅಂತ ಟೈಪ್ ಮಾಡಿದ ಕೂಡಲೇ ಸಬ್ಜೆಕ್ಟ್ ಲೈನ್ ನೋಡಿ

ಪ್ರಾಜೆಕ್ಟ್‌ಗಳ ಉಸ್ತುವಾರಿ ನನ್ನ ಕೆಲಸ. ಅಂದರೆ ದಿನದ ಅರ್ಧ ಭಾಗ ಮೇಲ್ ಓದುವುದು, ಉಳಿದರ್ಧ ಮೇಲ್ ಹುಡುಕುವುದು. ಹುಡುಕಿದ್ದು ಸಿಗದಿದ್ದಾಗ ಕಾರಣ ಹೆಚ್ಚಾಗಿ ಒಂದೇ. ಯಾರೋ ಮುಖ್ಯವಾದ ಮಾತನ್ನು ಇನ್ಯಾವುದೋ ವಿಷಯದ ಮೇಲ್ ಸರಣಿಯಲ್ಲಿ, ಅಂದರೆ ಥ್ರೆಡ್‌ನಲ್ಲಿ, ಬರೆದಿರುತ್ತಾರೆ. ಆ ಮಾತು ‘ಅಂದ ಹಾಗೆ, ಇನ್ನೊಂದು ವಿಷಯ’ ಅಂತ ಶುರುವಾಗಿರುತ್ತದೆ. ವಿಷಯ ಬೇರೆ ಅಂತ ಬರೆಯುವವರಿಗೂ ಗೊತ್ತು. ಆದರೂ ರಿಪ್ಲೈ ಆಲ್ ಒತ್ತುತ್ತಾರೆ. ಬೇಕಾದವರ ವಿಳಾಸವೆಲ್ಲ ಅಲ್ಲೇ ಇರುತ್ತದಲ್ಲ, ಅದಕ್ಕೆ.

ಒಂದು ಥ್ರೆಡ್ ಹೇಗೆ ದಾರಿ ತಪ್ಪಿತು ಅಂತ ಹಂತ ಹಂತವಾಗಿ ನೋಡೋಣ. ಒಂದು ಸಂಸ್ಥೆ ತನ್ನ ವೆಬ್‌ಸೈಟನ್ನು ಹಳೆ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುತ್ತಿತ್ತು. ಎಂಜಿನಿಯರ್ ಆರು ಜನಕ್ಕೆ ಮೇಲ್ ಹಾಕಿದರು. ಸಬ್ಜೆಕ್ಟ್: ‘ವೆಬ್‌ಸೈಟ್ ಸ್ಥಳಾಂತರ: ಶನಿವಾರ ರಾತ್ರಿ 11ಕ್ಕೆ ಮಾಡಬಹುದಾ?’ ಒಳ್ಳೆಯ ಸಬ್ಜೆಕ್ಟ್. ಕೆಲಸ ಯಾವುದು, ಪ್ರಶ್ನೆ ಏನು, ಎರಡೂ ಇದೆ. ನಾಲ್ಕನೇ ಮೇಲ್ ಹೊತ್ತಿಗೆ ಹೇಳಬೇಕಾದವರೆಲ್ಲ ಸರಿ ಅಂದರು. ಪ್ರಶ್ನೆಗೆ ಉತ್ತರ ಸಿಕ್ಕಿತು.

ಐದನೇ ಮೇಲ್ ಡಿಸೈನರ್‌ದು. ಹೊಸ ಸರ್ವರ್‌ನಲ್ಲಿ ಸಂಪರ್ಕ ಫಾರ್ಮ್ ತುಂಬಿದರೆ ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ ಅಂತ. ಅಲ್ಲಿಂದ ಹನ್ನೊಂದನೇ ಮೇಲ್‌ವರೆಗೆ ಅದೇ ಮಾತು. ಕೊನೆಗೆ ಕಾರಣ ಸಿಕ್ಕಿತು. ತಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವ SPF ದಾಖಲೆಯಲ್ಲಿ ಹಳೆ ಸರ್ವರ್ ಮಾತ್ರ ಇತ್ತು. ಹೊಸದನ್ನು ಸೇರಿಸಬೇಕಿತ್ತು, ಅಷ್ಟೇ. ಆದರೆ ಅಷ್ಟು ಹೊತ್ತಿಗೆ ಥ್ರೆಡ್ ತುಂಬ ಸರ್ವರ್ ಬರೆದಿಟ್ಟ ಲಾಗ್‌ಗಳು, ಸ್ಕ್ರೀನ್‌ಶಾಟ್‌ಗಳು.

ಹನ್ನೆರಡನೇ ಮೇಲ್‌ನಲ್ಲಿ ಎಂಜಿನಿಯರ್ SPF ಸರಿ ಮಾಡಿದ್ದನ್ನು ವಿವರಿಸಿ, ಕೊನೆಯಲ್ಲಿ ಬರೆದರು: ‘ಅಂದ ಹಾಗೆ, ಹಳೆ ಹೋಸ್ಟಿಂಗ್ 30ನೇ ತಾರೀಕು ತಾನಾಗಿ ರಿನ್ಯೂ ಆಗುತ್ತೆ. ಬೇಡ ಅಂದ್ರೆ 27ರೊಳಗೆ ಹೇಳಿ, ರದ್ದು ಮಾಡ್ತೀನಿ.’

ಹೋಸ್ಟಿಂಗ್ ಅಂದರೆ ಹಳೆ ಸರ್ವರ್‌ನ ಬಾಡಿಗೆ. ಅದು ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಅಕೌಂಟ್ಸ್‌ನವರು. ಅವರು ಶನಿವಾರದ ಮಾತು ಮುಗಿದ ಮೇಲೆ ಔಟ್‌ಲುಕ್‌ನಲ್ಲಿ ಆ ಥ್ರೆಡ್‌ಗೆ Ignore ಕೊಟ್ಟಿದ್ದರು. ಹಾಗೆ ಕೊಟ್ಟರೆ ಆ ಥ್ರೆಡ್‌ನ ಹಳೆ ಮೇಲ್‌ಗಳ ಜೊತೆ ಮುಂದೆ ಬರುವವೂ ನೇರ Deleted Items ಫೋಲ್ಡರ್‌ಗೆ ಹೋಗುತ್ತವೆ. ಜಿಮೇಲ್‌ನ Mute ಕೂಡ ಇದೇ ಜಾತಿ, ಅದು ಅಳಿಸುವುದಿಲ್ಲ, ಹೊಸ ಉತ್ತರಗಳನ್ನು ಇನ್‌ಬಾಕ್ಸ್‌ಗೆ ತರದೆ ಆರ್ಕೈವ್‌ನಲ್ಲೇ ಇಡುತ್ತದೆ. ಅಕೌಂಟ್ಸ್‌ನವರ ತಪ್ಪು ಅಂತ ನನಗನಿಸುವುದಿಲ್ಲ. ಸಬ್ಜೆಕ್ಟ್ ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟಾಗಿತ್ತು. ಸ್ಪ್ಯಾಮ್ ಲಾಗ್ ಓದುವುದು ಅವರ ಕೆಲಸ ಅಲ್ಲ. ಮ್ಯಾನೇಜರ್ ಫೋನಿನಲ್ಲಿ ಮೊದಲ ಎರಡು ಸಾಲು ಓದಿ ‘ಓ, SPF’ ಅಂತ ಮುಂದೆ ಹೋದರು. 30ನೇ ತಾರೀಕು ಬಂತು. ಖಾಲಿ ಸರ್ವರ್‌ಗೆ ಇನ್ನೊಂದು ವರ್ಷದ ಹಣ ಕಾರ್ಡ್‌ನಿಂದ ಹೋಯಿತು.

ಇಲ್ಲಿ ಥ್ರೆಡ್ ಎರಡು ಕಡೆ ತಿರುಗಿದೆ. ಎರಡಕ್ಕೂ ಒಂದೇ ಮದ್ದಲ್ಲ.

ಫಾರ್ಮ್‌ನ ಪ್ರಶ್ನೆ ಮೂಲ ಕೆಲಸದಿಂದಲೇ ಹುಟ್ಟಿದ್ದು. ಸ್ಥಳಾಂತರ ಇಲ್ಲದಿದ್ದರೆ ಆ ತೊಂದರೆ ಇರುತ್ತಿರಲಿಲ್ಲ, ಮೇಲಿನ ಮೇಲ್‌ಗಳ ಹಿನ್ನೆಲೆಯೂ ಬೇಕು. ಇಂಥಲ್ಲಿ ರಿಪ್ಲೈಯನ್ನೇ ಕೊಟ್ಟು ಸಬ್ಜೆಕ್ಟ್ ಬದಲಿಸಿದರೆ ಸಾಕು. ಹಳೆಯದನ್ನು ಪೂರ್ತಿ ಅಳಿಸಬೇಡಿ, ಹಿಂದೆ ಇಡಿ: ‘ಸಂಪರ್ಕ ಫಾರ್ಮ್ ಮೇಲ್ ಸ್ಪ್ಯಾಮ್‌ಗೆ ಹೋಗ್ತಿದೆ (ಹಿಂದಿನದು: ವೆಬ್‌ಸೈಟ್ ಸ್ಥಳಾಂತರ)’. ಇಂಗ್ಲಿಷ್ ಮೇಲ್‌ಗಳಲ್ಲಿ ಇದೇ ಜಾಗಕ್ಕೆ `(was: ...)` ಅಂತ ಹಾಕುವ ಹಳೆ ಪದ್ಧತಿ ಇದೆ. ನೋಡಿದವರಿಗೆ ಮಾತು ಎಲ್ಲಿಂದ ಬಂತು, ಈಗ ಎಲ್ಲಿದೆ, ಎರಡೂ ತಿಳಿಯುತ್ತದೆ. ಮುಂದಿನ ಒಂದೆರಡು ಉತ್ತರ ಆದ ಮೇಲೆ ಆವರಣದ ಭಾಗ ತೆಗೆದರೂ ನಡೆಯುತ್ತದೆ, ಇಲ್ಲದಿದ್ದರೆ ಸಬ್ಜೆಕ್ಟ್ ಫೋನಿನಲ್ಲಿ ಅರ್ಧಕ್ಕೇ ತುಂಡಾಗುತ್ತದೆ.

ಹೋಸ್ಟಿಂಗ್ ಪ್ರಶ್ನೆ ಹಾಗಲ್ಲ. ಉತ್ತರ ಕೊಡಬೇಕಾದವರು ಬೇರೆ, ಅದಕ್ಕೊಂದು ಗಡುವು ಇದೆ, ಮೇಲಿನ ಲಾಗ್‌ಗಳಲ್ಲಿ ಒಂದೂ ಅದಕ್ಕೆ ಬೇಕಿಲ್ಲ. ಇದಕ್ಕೆ ಹೊಸ ಮೇಲ್ ಬೇಕು. ‘ಹಳೆ ಹೋಸ್ಟಿಂಗ್ ರದ್ದು ಮಾಡಲಾ? 27ರೊಳಗೆ ಉತ್ತರ ಬೇಕು’ ಅಂತ ಸಬ್ಜೆಕ್ಟ್, To ಜಾಗದಲ್ಲಿ ಅಕೌಂಟ್ಸ್‌ನವರೊಬ್ಬರೇ, ಮ್ಯಾನೇಜರ್‌ಗೆ ಒಂದು ಪ್ರತಿ. ಒಳಗೆ ನಾಲ್ಕು ಸಾಲು: ಸೈಟ್ ಹೊಸ ಸರ್ವರ್‌ಗೆ ಬಂದಿದೆ, ಹಳೆಯದರಲ್ಲಿ ಈಗ ಏನೂ ಇಲ್ಲ, ಇಷ್ಟು ಹಣ, ಇಂಥ ದಿನ.

ಹಾಗಾದರೆ ರಿಪ್ಲೈ ಒತ್ತಿ ಸಬ್ಜೆಕ್ಟ್ ಅಳಿಸಿ ಹೊಸದು ಬರೆದರೆ ಅದೂ ಹೊಸ ಮೇಲ್ ಆಯಿತಲ್ವಾ? ಆಗಲ್ಲ. ಇಲ್ಲೇ ತುಂಬ ಜನ ಎಡವುತ್ತಾರೆ. ಪ್ರತಿ ಮೇಲ್‌ನ ತಲೆಭಾಗದಲ್ಲಿ ನಮಗೆ ಕಾಣದ ಕೆಲವು ಸಾಲುಗಳಿರುತ್ತವೆ. ಮೇಲ್‌ನ ರಚನೆ ಹೇಗಿರಬೇಕೆಂದು ಹೇಳುವ 2008ರ RFC 5322 ಎಂಬ ದಾಖಲೆ ಇವನ್ನು ವಿವರಿಸುತ್ತದೆ. ರಿಪ್ಲೈ ಒತ್ತಿ ಸಬ್ಜೆಕ್ಟ್ ಮಾತ್ರ ಬದಲಿಸಿದ ಮೇಲ್ ಒಳಗೆ ಹೀಗಿರುತ್ತದೆ:

```
Subject: ಹಳೆ ಹೋಸ್ಟಿಂಗ್ ರದ್ದು ಮಾಡಲಾ?
Message-ID: <m12@example.com>
In-Reply-To: <m11@example.com>
References: <m1@example.com> <m5@example.com> <m11@example.com>
```

`Message-ID` ಈ ಮೇಲ್‌ನ ಗುರುತು. `In-Reply-To` ಇದು ಯಾವ ಮೇಲ್‌ಗೆ ಉತ್ತರ ಅಂತ ಹೇಳುತ್ತದೆ. `References` ಅದರ ವಂಶಾವಳಿ. ನೀವು ಸಬ್ಜೆಕ್ಟ್ ಏನೇ ಬರೆಯಿರಿ, ಕೊನೆಯ ಎರಡು ಸಾಲು ಬದಲಾಗುವುದಿಲ್ಲ. ಅವುಗಳ ಪ್ರಕಾರ ಇದು ಇನ್ನೂ ಸ್ಪ್ಯಾಮ್ ಲಾಗ್‌ಗೆ ಕೊಟ್ಟ ಉತ್ತರವೇ.

ಓದುವವರ ಕಡೆ ಏನು ಕಾಣುತ್ತದೆ ಅನ್ನುವುದು ಅವರ ಮೇಲ್ ತಂತ್ರಾಂಶದ ಮೇಲೆ ನಿಂತಿದೆ. ಜಿಮೇಲ್ ಸಬ್ಜೆಕ್ಟ್ ಬದಲಾದರೆ ಹೊಸ ಸಂಭಾಷಣೆ ಅಂತ ಬೇರೆ ಮಾಡುತ್ತದೆ. (ಒಂದು ಥ್ರೆಡ್ 100 ಮೇಲ್ ದಾಟಿದರೂ ಅದು ತುಂಡು ಮಾಡುತ್ತದೆ. ಅಲ್ಲಿವರೆಗೆ ಎಳೆದವರಿಗೆ ನಮಸ್ಕಾರ.) ಥಂಡರ್‌ಬರ್ಡ್‌ನಂಥವು ವಂಶಾವಳಿಯನ್ನು ನಂಬುತ್ತವೆ, ಹೊಸ ಸಬ್ಜೆಕ್ಟ್ ಇದ್ದರೂ ಹಳೆ ಥ್ರೆಡ್‌ನ ಕೆಳಗೇ ತೂಗುಹಾಕುತ್ತವೆ. ಹಾಗಾಗಿ ನಿಮ್ಮ ಪರದೆಯಲ್ಲಿ ಬೇರೆಯಾಗಿ ಕಂಡದ್ದು ಎದುರಿನವರ ಪರದೆಯಲ್ಲಿ ಹನ್ನೆರಡನೇ ಮೇಲ್ ಆಗಿ ಹೂತುಹೋಗಿರಬಹುದು. ಅವರು ಆ ಥ್ರೆಡ್ಡನ್ನು ಮುಚ್ಚಿಟ್ಟಿದ್ದರೆ ಕಾಣುವುದೇ ಇಲ್ಲ. ನಿಜವಾಗಿ ಹೊಸ ವಿಷಯವಾದರೆ Compose ಒತ್ತಿ, ವಿಳಾಸಗಳನ್ನು ಕೈಯಾರೆ ಹಾಕಿ. ಅರ್ಧ ನಿಮಿಷದ ಕೆಲಸ. ಹಾಗೆ ಹಾಕುವಾಗಲೇ ‘ಇವರಿಗೆ ಯಾಕೆ?’ ಅಂತ ಅನಿಸಿ ಮೂವರನ್ನು ಬಿಡುತ್ತೀರಿ, ಅದೂ ಲಾಭವೇ.

ಇನ್ನೊಂದು ಕಾರಣವೂ ಇದೆ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ದಾರಿ ತಪ್ಪಿದ ಥ್ರೆಡ್‌ಗೆ ಸಾಮಾನ್ಯವಾಗಿ ಹೊಸಬರನ್ನು ಸೇರಿಸುತ್ತಾರೆ. ಹೋಸ್ಟಿಂಗ್ ಕಂಪನಿಯವರನ್ನೇ ಪ್ರತಿಗೆ ಹಾಕಿ ‘ರದ್ದು ಮಾಡಿ’ ಅಂತ ಬರೆದರು ಅಂದುಕೊಳ್ಳಿ. ಕೆಳಗೆ ಉಲ್ಲೇಖವಾಗಿ ಹನ್ನೆರಡೂ ಮೇಲ್ ಹೋಗುತ್ತವೆ. ಅದರಲ್ಲಿ ಹೊಸ ಸರ್ವರ್‌ನ ವಿಳಾಸ, ಲಾಗ್‌ಗಳು, ಹಳೆ ಕಂಪನಿಯ ಬಗ್ಗೆ ನೀವು ಒಳಗೊಳಗೇ ಆಡಿಕೊಂಡ ಮಾತು, ಎಲ್ಲ ಇರುತ್ತದೆ. ಹೊರಗಿನವರನ್ನು ಸೇರಿಸಬೇಕು ಅನಿಸಿದ ಕ್ಷಣವೇ ಹೊಸ ಮೇಲ್ ತೆರೆಯಿರಿ. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಫೈಲ್‌ಗಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆ: ರಿಪ್ಲೈ ಕೊಟ್ಟಾಗ ಅಟ್ಯಾಚ್‌ಮೆಂಟ್‌ಗಳು ಸಾಮಾನ್ಯವಾಗಿ ಜೊತೆಗೆ ಹೋಗುವುದಿಲ್ಲ. ‘ಮೇಲೆ ಕಳಿಸಿದ ಬಿಲ್ ನೋಡಿ’ ಅಂದರೆ ಹೊಸದಾಗಿ ಸೇರಿದವರಿಗೆ ಬಿಲ್ಲೇ ಇರುವುದಿಲ್ಲ.

ಬೇರೆ ಮಾಡಿದ ಮೇಲೆ ಹಳೆ ಥ್ರೆಡ್‌ನಲ್ಲಿ ಒಂದು ಸಾಲು ಬಿಡಿ: ‘ಹೋಸ್ಟಿಂಗ್ ರದ್ದಿನ ವಿಷಯ ಬೇರೆ ಮೇಲ್‌ನಲ್ಲಿ ಹಾಕಿದ್ದೇನೆ, ಉತ್ತರ ಅಲ್ಲೇ ಕೊಡಿ.’ ಇಲ್ಲದಿದ್ದರೆ ನೀವು ಬೇರೆ ಮಾಡುವಷ್ಟರಲ್ಲಿ ಯಾರೋ ಹಳೆಯದಕ್ಕೇ ಉತ್ತರ ಬರೆಯುತ್ತಿರುತ್ತಾರೆ. ಮಾತು ಎರಡು ಕಡೆ ನಡೆಯುತ್ತದೆ, ಒಂದು ಕಡೆ ‘ರದ್ದು ಮಾಡಿ’, ಇನ್ನೊಂದು ಕಡೆ ‘ಒಂದು ತಿಂಗಳು ಇರಲಿ’. ಆಗ ಥ್ರೆಡ್ ಒಂದೇ ಇದ್ದಿದ್ದರೇ ಚೆನ್ನಾಗಿತ್ತು.

ಹಾಗಂತ ಸಣ್ಣ ಸಣ್ಣದಕ್ಕೂ ಬೇರೆ ಮಾಡಬೇಡಿ. ‘ಶನಿವಾರ ನೀವೂ ಇರ್ತೀರಾ?’ ‘ಇರ್ತೀನಿ.’ ಅಲ್ಲಿಗೆ ಮುಗಿಯಿತು. ಒಂದು ಉತ್ತರದಲ್ಲಿ ತೀರುವ ಅಡ್ಡಮಾತಿಗೆ ಹೊಸ ಸಬ್ಜೆಕ್ಟ್ ಹಾಕಿದರೆ ಸುಮ್ನೆ ಇನ್‌ಬಾಕ್ಸ್ ತುಂಬುತ್ತದೆ. ಎರಡನೇ ಉತ್ತರವೂ ಅಡ್ಡಮಾತಿನ ಬಗ್ಗೆಯೇ ಬಂದರೆ ಬೇರೆ ಮಾಡುವ ಹೊತ್ತು ಬಂತು ಅಂತ ನಾನು ಲೆಕ್ಕ ಹಾಕುತ್ತೇನೆ. ಗಡುವು, ಹಣ ಅಥವಾ ಯಾರದೋ ಒಪ್ಪಿಗೆ ಬೇಕಿದ್ದರೆ ಮಾತ್ರ ಮೊದಲ ಸಾಲಿಗೇ ಬೇರೆ ಮಾಡುತ್ತೇನೆ. ಅನುಮಾನ ಇದ್ದರೆ ಹೀಗೆ ಕೇಳಿಕೊಳ್ಳಿ: ಎರಡು ತಿಂಗಳಾದ ಮೇಲೆ ಈ ಮಾತು ಬೇಕಾದರೆ ಏನಂತ ಟೈಪ್ ಮಾಡಿ ಹುಡುಕುತ್ತೀರಿ? ‘ಹೋಸ್ಟಿಂಗ್’ ಅಂತ ಹುಡುಕುವವರಿಗೆ ‘ಶನಿವಾರ ರಾತ್ರಿ 11ಕ್ಕೆ’ ಅನ್ನುವ ಸಬ್ಜೆಕ್ಟ್ ಸಿಕ್ಕರೂ ಅವರು ತೆರೆಯುವುದಿಲ್ಲ.

ಸಬ್ಜೆಕ್ಟ್ ಮುಟ್ಟಲೇಬಾರದ ಜಾಗವೂ ಒಂದಿದೆ. ಸಹಾಯ ಕೇಂದ್ರಗಳಿಂದ ಬರುವ ಮೇಲ್‌ನ ಸಬ್ಜೆಕ್ಟ್‌ನಲ್ಲಿ `[#4821]` ಥರದ ದೂರಿನ ಸಂಖ್ಯೆ ಇರುತ್ತದೆ. ಇಂಥ ಬಹಳಷ್ಟು ವ್ಯವಸ್ಥೆಗಳು ನಿಮ್ಮ ಉತ್ತರವನ್ನು ಸರಿಯಾದ ದೂರಿಗೆ ಜೋಡಿಸುವುದು ಆ ಸಂಖ್ಯೆ ನೋಡಿಯೇ. ಅದನ್ನು ಅಳಿಸಿದರೆ ಹೊಸ ದೂರು ಹುಟ್ಟಿ, ಹಿನ್ನೆಲೆ ಗೊತ್ತಿಲ್ಲದ ಇನ್ಯಾರೋ ಅದನ್ನು ಎತ್ತಿಕೊಳ್ಳಬಹುದು. ತಿರುಗಿಸಿ ಹೇಳಿದರೂ ನಿಜ. ಮುಗಿದ ಹಳೆ ದೂರಿಗೆ ರಿಪ್ಲೈ ಕೊಟ್ಟು ಹೊಸ ಸಮಸ್ಯೆ ಬರೆದರೆ ಹಳೆಯದೇ ಮತ್ತೆ ತೆರೆದುಕೊಳ್ಳಬಹುದು, ಹೊಸದಕ್ಕೆ ಸಂಖ್ಯೆಯೇ ಸಿಗದೆ ಹೋಗಬಹುದು.

ಥ್ರೆಡ್ ತಪ್ಪಿಸಿದವರು ಬೇರೆಯವರಾದರೆ? ‘ದಯವಿಟ್ಟು ಹೊಸ ಮೇಲ್ ಹಾಕಿ’ ಅಂತ ಎಲ್ಲರೆದುರು ಪಾಠ ಹೇಳಬೇಕಿಲ್ಲ, ಹೇಳಿದರೆ ಆ ಪಾಠದ ಮೇಲೇ ಇನ್ನೈದು ಉತ್ತರ ಬರುತ್ತವೆ. ನಿಮ್ಮ ಉತ್ತರದಲ್ಲೇ ಬೇರೆ ಮಾಡಿಬಿಡಿ. ಜಿಮೇಲ್‌ನಲ್ಲಿ ರಿಪ್ಲೈ ಪೆಟ್ಟಿಗೆಯ ಬಾಣದ ಗುರುತಿನ ಪಕ್ಕದ ಪಟ್ಟಿಯಲ್ಲಿ Edit subject ಅಂತ ಇದೆ. ಹೊಸ ಮೇಲ್ ಬೇಕಾದಲ್ಲಿ ಅವರ ಆ ಎರಡು ಸಾಲನ್ನು ನಕಲು ಮಾಡಿ ಮೇಲೆ ಅಂಟಿಸಿ, ‘ನೀವು ಕೇಳಿದ್ದು ಇದು, ಅಕೌಂಟ್ಸ್‌ನವರ ಗಮನಕ್ಕೆ ಬರಲಿ ಅಂತ ಬೇರೆಯಾಗಿ ಹಾಕಿದ್ದೇನೆ’ ಅಂತ ಬರೆಯಿರಿ. ಎಂಜಿನಿಯರ್ ಬರೆದ ಹನ್ನೆರಡನೇ ಮೇಲನ್ನು ಕೊನೆಯವರೆಗೆ ಓದಿದ ಡಿಸೈನರ್ ಕೂಡ 27ರೊಳಗೆ ಇದನ್ನು ಮಾಡಬಹುದಿತ್ತು.