ರಾಣಿ ಬದಿಯ ಹೆಚ್ಚುವರಿ ಕಾಲಾಳು: ಎರಡು ನಡೆ ಮೊದಲೇ ಕೊಟ್ಟರೆ ಡ್ರಾ

ಮಂಗಳೂರಿನ ಒಂದು ಭಾನುವಾರದ ಚೆಸ್ ಟೂರ್ನಿಯಲ್ಲಿ ಗೆಲ್ಲಬೇಕಾದ ಆಟವೊಂದನ್ನು ನಾನು ಡ್ರಾ ಮಾಡಿಕೊಂಡೆ. ಎದುರಿಗೆ ಕುಳಿತಿದ್ದವರು ನಿವೃತ್ತ ಮಾಸ್ಟ್ರು. ಕೈ ಕುಲುಕಿದ ಮೇಲೆ ಅವರು ಕಾಯಿಗಳನ್ನು ಮತ್ತೆ ಅದೇ ಸ್ಥಾನದಲ್ಲಿ ಇಟ್ಟು, "ಇಲ್ಲಿಂದ ನೀವು ಗೆಲ್ಲುತ್ತಿದ್ದಿರಿ, ನೋಡುವ" ಎಂದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದನ್ನು ಉಡುಪಿಗೆ ಹಿಂತಿರುಗುವ ಬಸ್ಸಿನಲ್ಲಿಯೇ ಬರೆದಿಟ್ಟುಕೊಂಡಿದ್ದೆ. ನಮ್ಮ ಜೊತೆ ಕಲಿಯುತ್ತಿರುವವರಿಗಾಗಿ ಈಗ ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸ್ಥಾನ ಇದು. ಬಿಳಿಯ ಸರದಿ.

```
ಬಿಳಿ:  Kd4, a4, b4, h5
ಕಪ್ಪು: Kd6, a6, g7, h6
8/6p1/p2k3p/7P/PP1K4/8/8/8 w - - 0 1
```

ಇಬ್ಬರಿಗೂ ಮೂರು ಮೂರು ಕಾಲಾಳು. ಆದರೆ ಎಡಗಡೆ, ಅಂದರೆ ರಾಣಿ ಬದಿಯಲ್ಲಿ, ಬಿಳಿಗೆ ಎರಡು, ಕಪ್ಪಿಗೆ ಒಂದು. ಬಲಗಡೆ ಕಪ್ಪಿಗೂ ಎರಡಕ್ಕೆ ಒಂದರ ಹೆಚ್ಚಳ ಇದೆ, ಆದರೆ ಅದು ಸತ್ತ ಹೆಚ್ಚಳ. ಜಿ ಕಾಲಾಳು ಜಿ6ಕ್ಕೆ ಬಂದರೂ ಜಿ5ಕ್ಕೆ ಹಾರಿದರೂ ಎಚ್5ರಲ್ಲಿರುವ ಬಿಳಿ ಕಾಲಾಳು ಅದನ್ನು ಹೊಡೆಯುತ್ತದೆ. ಜಿ5ಕ್ಕೆ ಹಾರಿದಾಗ ಹೊಡೆಯುವುದು ಆಂಪಾಸಾಂ ನಿಯಮದಿಂದ, ಅಂದರೆ ಎರಡು ಮನೆ ಹಾರಿದ ಕಾಲಾಳನ್ನು ಒಂದೇ ಮನೆ ಬಂದಂತೆ ಭಾವಿಸಿ ಕೂಡಲೇ ಹೊಡೆಯುವುದು, ಇದನ್ನು ಮರೆಯಬೇಡಿ. ಒಂದು ಕಾಲಾಳು ಎರಡನ್ನು ಕಟ್ಟಿಹಾಕಿರುವುದರಿಂದ ಎರಡೂ ಬದಿಯ ಲೆಕ್ಕ ಸಮ ಅಲ್ಲ.

ಹೆಚ್ಚುವರಿಯನ್ನು ಮುಂದೆ ತಳ್ಳುವಾಗ ಮೊದಲು ಹೋಗಬೇಕಾದದ್ದು ಯಾವುದು? ಎದುರಿನ ಸಾಲಿನಲ್ಲಿ ಶತ್ರು ಕಾಲಾಳು ಇಲ್ಲದ್ದು. ಹಳೆಯ ಚೆಸ್ ಆಟಗಾರ, ಲೇಖಕ ನಿಮ್ಜೊವಿಚ್ ಒತ್ತಿ ಹೇಳಿದ ನಿಯಮ ಇದು. ಇಲ್ಲಿ ಎ ಸಾಲಿನಲ್ಲಿ ಕಪ್ಪಿನ ಕಾಲಾಳು ಇದೆ, ಬಿ ಸಾಲಿನಲ್ಲಿ ಇಲ್ಲ. ಹಾಗಾಗಿ ಮುಕ್ತ ಕಾಲಾಳು, ಅಂದರೆ ಪಾಸ್ಡ್ ಪಾನ್, ಆಗುವ ಅಭ್ಯರ್ಥಿ ಬಿ ಕಾಲಾಳು. ಮೂರಕ್ಕೆ ಎರಡು ಇರುವಾಗ ಈ ನಿಯಮದ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬಿಳಿಗೆ ಎ2, ಬಿ2, ಸಿ2. ಕಪ್ಪಿಗೆ ಎ7, ಬಿ7 ಎಂದುಕೊಳ್ಳಿ. ಅವಸರದಿಂದ ಬಿ4 ಆಡಿದರೆ ಕಪ್ಪು ಬಿ5 ಆಡುತ್ತದೆ. ಈಗ ಸಿ ಕಾಲಾಳು ಸಿ4ಕ್ಕೆ ಬಂದರೆ ಹೊಡೆತ ತಿನ್ನುತ್ತದೆ. ರಾಜ ಹತ್ತಿರ ಇದ್ದು ತಿರುಗಿ ಹೊಡೆದರೆ ಸರಿ, ಇಲ್ಲದಿದ್ದರೆ ಬಿ5ರ ಒಂದೇ ಕಾಲಾಳು ಬಿಳಿಯ ಎರಡನ್ನು ಹಿಡಿದು ನಿಲ್ಲುತ್ತದೆ. ಮೊದಲು ಸಿ4 ಆಡಿದ್ದರೆ ಈ ತೊಡಕೇ ಇಲ್ಲ.

ನಮ್ಮ ಸ್ಥಾನಕ್ಕೆ ಬರೋಣ. ಕೂಡಲೇ ಬಿ5.

```
1. b5 axb5
2. axb5 Kc7
```

ಬಿ5ರಲ್ಲಿ ಮುಕ್ತ ಕಾಲಾಳು ಸಿಕ್ಕಿತು. ಆಟದಲ್ಲಿ ನಾನು ಎಡವಿದ್ದು ಇಲ್ಲಿಯೇ. ಮುಕ್ತ ಕಾಲಾಳು ಎಂದರೆ ಓಡಿಸಬೇಕು ಎಂದು ಮನಸ್ಸಿನಲ್ಲಿ ಇದ್ದುದರಿಂದ ಶಹ ಕೊಟ್ಟು ಬಿ6 ಆಡಿದೆ.

```
3. b6+? Kxb6
4. Kd5 Kc7
5. Ke6 Kd8
6. Kf7 Kd7
7. Kxg7 Ke7
8. Kxh6 Kf7
```

ಬಿಳಿ ಒಂದು ಕಾಲಾಳು ಮುಂದೆ ಇದೆ, ಆದರೂ ಗೆಲುವಿಲ್ಲ. ಉಳಿದದ್ದು ಅಂಚಿನ ಕಾಲಾಳು. ರಾಜ ಎಚ್7ಕ್ಕೆ ಹೋದರೆ ಕಪ್ಪು ಎಫ್8ಕ್ಕೆ ಬರುತ್ತದೆ. ಮತ್ತೆ ಎಫ್7, ಎಫ್8 ಎಂದು ಓಡಾಡುತ್ತಾ ಬಿಳಿ ರಾಜನನ್ನು ತನ್ನದೇ ಕಾಲಾಳಿನ ಮುಂದೆ ಮೂಲೆಯಲ್ಲಿ ಬಂಧಿಸುತ್ತದೆ. ಬಿಳಿ ರಾಜ ಹಿಂದೆ ಸರಿದರೆ ಕಪ್ಪು ರಾಜ ಮೂಲೆಗೆ ನುಗ್ಗುತ್ತದೆ. ಎರಡೂ ರೀತಿಯಲ್ಲಿ ಡ್ರಾ.

ಮಾಸ್ಟ್ರು ಮೂರನೆಯ ನಡೆಗೆ ಹಿಂತಿರುಗಿ ಬಿ ಕಾಲಾಳನ್ನು ಬೆರಳಿನಿಂದ ಒತ್ತಿ ಹಿಡಿದರು. "ಇದನ್ನು ಮುಟ್ಟಬೇಡಿ. ಅವನೇ ಬಂದು ತಿನ್ನಲಿ. ಅಷ್ಟರಲ್ಲಿ ನಿಮ್ಮ ರಾಜ ಎಷ್ಟು ದೂರ ಹೋಗುತ್ತದೆ ಎಂದು ಎಣಿಸಿ."

```
3. Kd5 Kb6
4. Ke6 Kxb5
5. Kf7 Kc6
6. Kxg7 Kd7
7. Kxh6 Ke7
8. Kg7
```

ಎಂಟನೆಯ ನಡೆಯನ್ನು ನೋಡಿ. ಬಿಳಿ ರಾಜ ಜಿ7ರಲ್ಲಿ ನಿಂತು ಜಿ8, ಎಚ್8, ಎಫ್8 ಮೂರನ್ನೂ ಕಾಯುತ್ತದೆ. ಕಪ್ಪು ರಾಜನಿಗೆ ಮೂಲೆಗೆ ಹೋಗುವ ದಾರಿಯೇ ಇಲ್ಲ. ಎಚ್6, ಎಚ್7, ಎಚ್8, ಮಂತ್ರಿ. ನಾನು ಆಡಿದ ಆಟದಲ್ಲಿ ಕಪ್ಪು ರಾಜ ಬಿ ಕಾಲಾಳನ್ನು ತಿಂದಾಗ ನನ್ನ ರಾಜ ಇನ್ನೂ ಡಿ4ರಲ್ಲಿಯೇ ಇತ್ತು. ಇಲ್ಲಿ ತಿಂದಾಗ ಅದು ಇ6ರಲ್ಲಿದೆ. ಕಪ್ಪು ಕೂಡ ಒಂದರ ಬದಲು ಎರಡು ನಡೆ ಖರ್ಚು ಮಾಡಿ ಇನ್ನೂ ಒಂದು ಮನೆ ಕೆಳಗೆ ಇಳಿದಿದೆ. ಡ್ರಾಕ್ಕೂ ಗೆಲುವಿಗೂ ನಡುವೆ ಇರುವುದು ಇಷ್ಟೇ. ಮುಕ್ತ ಕಾಲಾಳಿನ ಕೆಲಸ ಇಲ್ಲಿ ಮಂತ್ರಿಯಾಗುವುದಲ್ಲ, ಶತ್ರು ರಾಜನನ್ನು ಸಾಧ್ಯವಾದಷ್ಟು ದೂರ ಎಳೆದುಕೊಂಡು ಹೋಗುವುದು. ಅದಕ್ಕಾಗಿಯೇ ರಾಣಿ ಬದಿಯ ಹೆಚ್ಚುವರಿ ಅಮೂಲ್ಯ: ಉಳಿದ ಕಾಲಾಳುಗಳು ಬಲಗಡೆ ಇದ್ದರೆ ಎ, ಬಿ ಸಾಲುಗಳು ಅವುಗಳಿಂದ ಬಹಳ ದೂರ. ಇದೇ ಮುಕ್ತ ಕಾಲಾಳು ಡಿ ಸಾಲಿನಲ್ಲಿದ್ದರೆ ಕಪ್ಪು ರಾಜ ಅದನ್ನು ತಿಂದು ಎರಡು ಹೆಜ್ಜೆಯಲ್ಲಿ ಎಫ್ ಸಾಲಿಗೆ ಬಂದುಬಿಡುತ್ತದೆ.

ಕಪ್ಪು ತಿನ್ನಲು ಹೋಗದಿದ್ದರೆ? ಮೂರನೆಯ ನಡೆಗೆ ಉತ್ತರವಾಗಿ ಡಿ7ಕ್ಕೆ ಬಂದು ರಾಜನಿಗೆ ರಾಜ ಎದುರು ನಿಂತರೆ ದಾರಿ ಕಟ್ಟಿದಂತೆ ಕಾಣುತ್ತದೆ. ಬಿ6 ಆಡುವುದಕ್ಕೆ ಸರಿಯಾದ ಸಮಯ ಆಗ ಬರುತ್ತದೆ.

```
3. Kd5 Kd7
4. b6 Kc8
5. Ke6 Kb7
6. Kf7 Kxb6
7. Kxg7 Kc7
8. Kxh6 Kd7
9. Kg7
```

ಕಪ್ಪು ರಾಜ ಈ ಸಲವೂ ತಡವಾಗಿಯೇ ಬರುತ್ತದೆ. ನಾಲ್ಕನೆಯ ನಡೆಯಲ್ಲಿ ಇ7ಕ್ಕೆ ಹೋದರೆ ಬಿಳಿ ರಾಜ ಸಿ6ಕ್ಕೆ ಬಂದು ಬಿ ಕಾಲಾಳನ್ನೇ ಮಂತ್ರಿ ಮಾಡುತ್ತದೆ. ಎರಡನೆಯ ನಡೆಯಲ್ಲಿಯೇ ಇ6ಕ್ಕೆ ಹೋಗಿ ಬಲಗಡೆಯನ್ನು ಕಾಯಲು ನೋಡಿದರೆ ಬಿಳಿ ಸಿ5, ಬಿ6, ಎ7 ಎಂದು ರಾಜನನ್ನು ಒಳಗೆ ನುಗ್ಗಿಸುತ್ತದೆ. ಒಂದು ಬದಿ ಕಾಯಲು ಹೋದರೆ ಇನ್ನೊಂದು ಬದಿ ಬೀಳುತ್ತದೆ.

ಮೊದಲ ನಡೆಯಲ್ಲಿ ಕಪ್ಪು ಹೊಡೆಯದೆ ಎ5 ಆಡಿದರೆ ಎದುರಾಳಿಯ ಸ್ಥಿತಿ ಇನ್ನೂ ಕೆಟ್ಟದು. ಆಗ ಬಿ5ರ ಕಾಲಾಳಿಗೆ ಎ4ರ ಬೆಂಬಲ ಇರುತ್ತದೆ. ಬಿಳಿ ರಾಜ ಸಿ4, ಕಪ್ಪು ಸಿ7, ಬಿಳಿ ಡಿ5, ಕಪ್ಪು ಬಿ6, ಬಿಳಿ ಇ6. ಈಗ ಕಪ್ಪು ರಾಜ ಎ4 ತಿನ್ನಲು ಸಿ5, ಬಿ4 ಎಂದು ಇಳಿದರೆ ಬಿ ಕಾಲಾಳು ಓಡಿಬಿಡುತ್ತದೆ. ಎರಡನ್ನೂ ಹಿಡಿಯಲು ಅದಕ್ಕೆ ಸಾಧ್ಯವೇ ಇಲ್ಲ.

ಉಡುಪಿಯಲ್ಲಿ ನಮ್ಮ ಜೊತೆ ಆಡುವ ಎಂಟನೆಯ ತರಗತಿಯ ಹುಡುಗ ಇದನ್ನು ನೋಡಿ, "ಅಣ್ಣ, ನಡೆ ನೆನಪಿಟ್ಟುಕೊಳ್ಳುವುದಕ್ಕಿಂತ ತಿನ್ನುವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೆ ಸಾಕಲ್ಲವಾ?" ಎಂದು ಕೇಳಿದ. ಅವನ ಮಾತು ಸರಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ಕಪ್ಪು ಮುಕ್ತ ಕಾಲಾಳನ್ನು ತಿಂದ ಕೂಡಲೇ ಆಟ ನಿಂತಿದೆ ಎಂದು ಭಾವಿಸಿ, ಬಿಳಿ ರಾಜ ಜಿ7, ಎಚ್6 ಎರಡನ್ನೂ ತಿಂದು ಮತ್ತೆ ಜಿ7ಕ್ಕೆ ಬರಲು ಬೇಕಾದ ನಡೆಗಳನ್ನು ಎಣಿಸುತ್ತೇನೆ: ಇ6ರಿಂದ ನಾಲ್ಕು. ಬಿ5ರಿಂದ ಕಪ್ಪು ರಾಜ ಎಫ್ ಸಾಲಿಗೆ ಬರಲು ಬೇಕಾದದ್ದೂ ನಾಲ್ಕು, ಆದರೆ ನಡೆಯುವ ಸರದಿ ಬಿಳಿಯದು. ಬಿಳಿ ರಾಜ ಡಿ5ರಲ್ಲಿಯೇ ಇದ್ದಿದ್ದರೆ ಐದು ಬೇಕಾಗುತ್ತಿತ್ತು, ಕಪ್ಪು ರಾಜ ಸರಿಯಾದ ಹೊತ್ತಿಗೆ ಬಂದು ಸೇರುತ್ತಿತ್ತು.